ಉಗುರೇ ಮುಳ್ಳಾದಾಗ

ಆರಿದ್ರ ಮಳೆ ಹಿಡಿದ ಮೇಲೆ ಸಂಘದ ಕಛೇರಿಯ ಜಗಲಿಯಲ್ಲಿ ಕುಳಿತು ಬಂದು ಹೋಗುವ ಸದಸ್ಯರ ಕಾಲುಗಳನ್ನು ನೋಡುತ್ತಿದ್ದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹತ್ತು ಜನರಲ್ಲಿ ಒಬ್ಬರಾದರೂ ಒಂದು ಕಾಲಿಗೆ ಗಮ್ ಬೂಟು, ಇನ್ನೊಂದು ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಬಂದಿರುತ್ತಾರೆ. ಚಪ್ಪಲಿ ಹಾಕಿದ ಕಾಲಿನ ಹೆಬ್ಬೆರಳಿಗೆ ಒಂದು ಬಟ್ಟೆಯ ಸುತ್ತು. ಏನಾಯಿತೆಂದು ಕೇಳಿದರೆ ಸಿಗುವ ಉತ್ತರವೂ ಒಂದೇ: "ಏನಿಲ್ಲ, ಉಗುರುಸುತ್ತು. ಹೋಗ್ತದೆ ಬಿಡಿ."

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಬೋರ್ಡೋ ದ್ರಾವಣದ ಪ್ರಮಾಣ, ಕೊಳೆರೋಗ, ಕಾಂಡಕೊರಕ, ಗೊಬ್ಬರದ ಸರಬರಾಜು ಮೊದಲಾದುವನ್ನು ಬರೆಯುತ್ತೇವೆ. ಈ ಸಲ ಕಾಲಿನ ಹೆಬ್ಬೆರಳಿನ ಮೇಲೆ ಬರೆಯಲು ಹೊರಟಿರುವುದಕ್ಕೆ ಕಾರಣವಿದೆ. ಕಳೆದ ಮಳೆಗಾಲದಲ್ಲಿ ಈ ಬೆರಳು ನಮ್ಮನ್ನೇ ಹಿಡಿದುಹಾಕಿತು. ಕೊಳೆಗೆ ಎರಡನೆಯ ಔಷಧಿ ಹೊಡೆಸಬೇಕಾದ ಹೊತ್ತಿಗೆ ನಾವು ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದೆವು. ಕೊನೆಗಾರನಿಗೆ ಅಲ್ಲಿಂದಲೇ ಕೂಗಿ ಹೇಳಿದ್ದಾಯಿತು. ಕೆಳಗಿನ ಬಣ್ಣದ ಎರಡು ಸಾಲು ಮರಗಳಿಗೆ ಔಷಧಿ ಬೀಳಲೇ ಇಲ್ಲ ಎಂಬುದು ಕಾಯಿ ಉದುರಿದ ಮೇಲೆ ತಿಳಿಯಿತು. ಆ ಎರಡು ತಿಂಗಳಲ್ಲಿ ನಾವು ಮಾಡಿದ ತಪ್ಪುಗಳನ್ನೂ, ಕೊನೆಗೆ ವೈದ್ಯರಿಂದ ಕಲಿತುದನ್ನೂ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಉಗುರಿನ ಸುತ್ತ ಬಾತು ಕೀವಾದರೆ ನಾವೆಲ್ಲ ಉಗುರುಸುತ್ತು ಎನ್ನುತ್ತೇವೆ. ಆದರೆ ಕೈಬೆರಳಿಗೆ ಆಗುವ ಉಗುರುಸುತ್ತೂ ಕಾಲಿನ ಹೆಬ್ಬೆರಳಿಗೆ ಆಗುವುದೂ ಬಹುಮಟ್ಟಿಗೆ ಬೇರೆ ಬೇರೆ. ಕೈಯಲ್ಲಿ ಸಾಮಾನ್ಯವಾಗಿ ಉಗುರಿನ ಬದಿಯ ಚರ್ಮ ಸುಲಿದು, ಅಲ್ಲಿ ನಂಜು ಸೇರಿ ಕೀವಾಗುತ್ತದೆ. ಕೀವು ಹೊರಗೆ ಹೋದರೆ ವಾಸಿಯಾಯಿತು. ಕಾಲಿನ ಹೆಬ್ಬೆರಳಿನಲ್ಲಿ ಮಾತ್ರ ಹೆಚ್ಚಿನ ಸಂದರ್ಭಗಳಲ್ಲಿ ಅಪರಾಧಿ ಉಗುರೇ. ಉಗುರಿನ ಅಂಚು ಬದಿಯ ಮಾಂಸದೊಳಕ್ಕೆ ಇಳಿದು, ಚರ್ಮವನ್ನು ಸೀಳಿ ಅಲ್ಲೇ ನಿಂತಿರುತ್ತದೆ. ಊತವೂ ಕೀವೂ ಅದರ ಹಿಂದೆ ಬರುವಂಥವು.

ಇದನ್ನು ಅರ್ಥಮಾಡಿಕೊಳ್ಳಲು ಸುಲಭವಾದ ದಾರಿಯೆಂದರೆ ಕಾಲಿಗೆ ಚುಚ್ಚಿದ ಮುಳ್ಳನ್ನು ನೆನೆಯುವುದು. ಮುಳ್ಳು ಮುರಿದು ಒಳಗೆ ಉಳಿದರೆ ದೇಹ ಅದನ್ನು ಹೊರಗೆ ಹಾಕಲು ನೋಡುತ್ತದೆ. ಕೆಂಪಾಗುತ್ತದೆ, ಬಾಯುತ್ತದೆ, ಕೀವಾಗುತ್ತದೆ. ಆಗ ಯಾರೂ ಬರೀ ಗುಳಿಗೆ ನುಂಗಿ ಕೂರುವುದಿಲ್ಲ, ಮುಳ್ಳು ತೆಗೆಯುತ್ತಾರೆ. ಒಳಗಿಳಿದ ಉಗುರೂ ಹೀಗೆಯೇ ಒಂದು ಮುಳ್ಳು. ಒಂದೇ ವ್ಯತ್ಯಾಸವೆಂದರೆ ಈ ಮುಳ್ಳಿಗೆ ಬುಡವಿದೆ, ಅದು ದಿನವೂ ಬೆಳೆಯುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಮುಂದೆ ಸರಿಯುತ್ತದೆ. ಅಷ್ಟಷ್ಟೇ ಮುಂದೆ ಹೋಗುತ್ತ ಮಾಂಸವನ್ನು ಅಷ್ಟಷ್ಟೇ ಕೊರೆಯುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದೆ ಹೇಳುವುದೆಲ್ಲ ತಾನಾಗಿ ತಿಳಿಯುತ್ತದೆ.

ನಮ್ಮಂಥ ತೋಟಗಾರರಿಗೆ ಇದು ಮಳೆಗಾಲದಲ್ಲೇ ಬರುವುದಕ್ಕೂ ಕಾರಣವುಂಟು. ಬೆಳಗಿನಿಂದ ಸಂಜೆಯವರೆಗೆ ಗಮ್ ಬೂಟಿನೊಳಗೆ ಬೆವರಿ ನೆನೆದ ಕಾಲಿನ ಚರ್ಮ ಮೆತ್ತಗಾಗಿ, ನೀರಿನಲ್ಲಿಟ್ಟ ಹಪ್ಪಳದಂತೆ ಉಬ್ಬಿರುತ್ತದೆ. ಬೂಟಿನ ಮೂತಿ ಕಿರಿದಾಗಿದ್ದರೆ, ಅಥವಾ ಕಡಿಮೆ ಅಳತೆಯ ಬೂಟು ಸಿಕ್ಕಿತೆಂದು ಹಾಕಿಕೊಂಡಿದ್ದರೆ, ಎರಡನೆಯ ಬೆರಳು ಹೆಬ್ಬೆರಳನ್ನು ಒತ್ತುತ್ತದೆ. ಮೆತ್ತಗಾದ ಚರ್ಮ ಉಗುರಿನ ಅಂಚಿಗೆ ತಾನೇ ಹೋಗಿ ಸಿಕ್ಕಿಕೊಳ್ಳುತ್ತದೆ. ಕಲ್ಲು ಎಡವಿ ಉಗುರು ಜಖಂ ಆಗುವುದು ಇನ್ನೊಂದು ಕಾರಣ. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ನಾವು ಉಗುರು ಕತ್ತರಿಸುವ ರೀತಿ. ನಮ್ಮ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ.

ರೋಹಿಣಿ ಮಳೆಯ ಕೊನೆಯಲ್ಲಿ ನಮ್ಮ ಎಡಗಾಲಿನ ಹೆಬ್ಬೆರಳಿನ ಒಳಬದಿ ಸ್ವಲ್ಪ ಕೆಂಪಾಗಿ, ಬೂಟು ಹಾಕಿದಾಗ ಚುಚ್ಚಲಾರಂಭಿಸಿತು. ಮೂಲೆಯ ಉಗುರು ಒತ್ತುತ್ತಿದೆ ಎಂದು ನಾವೇ ತೀರ್ಮಾನಿಸಿ, ಗಡ್ಡದ ಬ್ಲೇಡು ತೆಗೆದುಕೊಂಡು ಮೂಲೆಯನ್ನು ಓರೆಯಾಗಿ, ಕೈ ಹೋದಷ್ಟು ಆಳಕ್ಕೆ ಕೊಯ್ದು ತೆಗೆದೆವು. ಮರುದಿನವೇ ನೋವು ಮಾಯ. ನಮ್ಮ ಕೈಚಳಕವನ್ನು ನಾವೇ ಮೆಚ್ಚಿಕೊಂಡೆವು. ಮೂರು ವಾರ ಕಳೆಯುವಷ್ಟರಲ್ಲಿ ನೋವು ಮೊದಲಿಗಿಂತ ಜೋರಾಗಿ ಮರಳಿತು.

ಏನಾಗಿತ್ತೆಂದರೆ, ಓರೆಯಾಗಿ ಕೊಯ್ಯುವಾಗ ಕಣ್ಣಿಗೆ ಕಾಣದ ಹಿಂಭಾಗದಲ್ಲಿ ಉಗುರಿನ ಒಂದು ಸಣ್ಣ ಚೂಪು ಉಳಿದುಬಿಟ್ಟಿತ್ತು. ಮುಂದಿನ ಮೂಲೆ ಇಲ್ಲವಾದ್ದರಿಂದ ಒತ್ತಡ ತಪ್ಪಿ ಕೆಲವು ದಿನ ಹಾಯೆನಿಸಿತು. ಅದೇ ಹೊತ್ತಿಗೆ ಮೂಲೆಯ ಜಾಗ ಖಾಲಿಯಾಗಿ ಬದಿಯ ಮಾಂಸ ಅಲ್ಲಿಗೆ ಉಬ್ಬಿ ಬಂತು. ಹಿಂದೆ ಉಳಿದ ಚೂಪು ಮುಂದೆ ಬೆಳೆಯುತ್ತ ನೇರವಾಗಿ ಆ ಮಾಂಸಕ್ಕೇ ನಾಟಿಕೊಂಡಿತು. ಮೂಲೆ ಕೊಯ್ದು ಹಾಯೆನಿಸಿಕೊಂಡವರೆಲ್ಲ ಮತ್ತೆ ಮತ್ತೆ ಕೊಯ್ಯುತ್ತಲೇ ಇರುವುದು ಇದೇ ಕಾರಣಕ್ಕೆ. ಪ್ರತಿ ಸಲವೂ ಚೂಪು ಇನ್ನಷ್ಟು ಹಿಂದೆ, ಇನ್ನಷ್ಟು ಆಳದಲ್ಲಿ ಉಳಿಯುತ್ತದೆ.

ಇನ್ನು ಮನೆಯ ಮದ್ದಿನ ವಿಚಾರ. ಬರೀ ಕೆಂಪು, ಸ್ವಲ್ಪ ಊತ, ಮುಟ್ಟಿದರೆ ನೋವು ಎಂಬ ಮೊದಲ ಹಂತದಲ್ಲಿ ಬಿಸಿನೀರಿನ ಉಪಚಾರ ನಿಜವಾಗಿ ಕೆಲಸಮಾಡುತ್ತದೆ. ಆದರೆ ಅದನ್ನು ಕ್ರಮವಾಗಿ ಮಾಡಬೇಕು. ಹೆಬ್ಬೆರಳು ಪೂರ್ತಿ ಮುಳುಗುವಂತೆ ಬೇಸಿನ್ನಿನಲ್ಲಿ ಎರಡು ಲೀಟರಿನಷ್ಟು ನೀರು ತೆಗೆದುಕೊಳ್ಳಿ. ನೀರು ಬೆಚ್ಚಗಿರಬೇಕು, ಸುಡಬಾರದು. ಮಗುವಿನ ಸ್ನಾನಕ್ಕೆ ನೋಡುವಂತೆ ಮೊಳಕೈ ಅದ್ದಿ ನೋಡಿದರೆ ಸರಿಯಾದ ಹದ ತಿಳಿಯುತ್ತದೆ. ಇದಕ್ಕೆ ಮೂರು ನಾಲ್ಕು ಚಹಾ ಚಮಚ ಅಡಿಗೆ ಉಪ್ಪು ಹಾಕಬಹುದು. ಉಪ್ಪಿಲ್ಲದಿದ್ದರೂ ನಡೆಯುತ್ತದೆ, ಏಕೆಂದರೆ ಇಲ್ಲಿ ಮುಖ್ಯ ಕೆಲಸ ಮಾಡುವುದು ಬೆಚ್ಚನೆಯ ನೀರು. ಗಟ್ಟಿಯಾದ ಚರ್ಮವೂ ಉಗುರೂ ಮೆತ್ತಗಾಗಿ, ಅವೆರಡನ್ನು ಬೇರ್ಪಡಿಸಲು ಅನುಕೂಲವಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಾಲಿಟ್ಟು ಕುಳಿತರೆ ಸಾಕು. ದಿನಕ್ಕೆ ಮೂರು ಸಲ ಮಾಡಬೇಕು. ರಾತ್ರಿ ಮಲಗುವಾಗ ಒಂದು ಸಲ ಮಾಡಿ, ಬೆಳಿಗ್ಗೆ ಎದ್ದು ಬೂಟು ಹಾಕಿದರೆ ಏನೂ ಪ್ರಯೋಜನವಿಲ್ಲ.

ನೀರಿನಿಂದ ತೆಗೆದ ಮೇಲೆ ಮಾಡುವುದೇ ಅರ್ಧ ಚಿಕಿತ್ಸೆ. ಬೆರಳ ಸಂದುಗಳನ್ನೂ ಸೇರಿಸಿ ಕಾಲನ್ನು ಚೆನ್ನಾಗಿ ಒರೆಸಿ. ಬೆರಳ ತುದಿಯಿಂದ ಬದಿಯ ಚರ್ಮವನ್ನು ಉಗುರಿನಿಂದ ದೂರಕ್ಕೆ, ಹೊರಗೂ ಕೆಳಗೂ ಮೆಲ್ಲನೆ ಒತ್ತಿ ಸರಿಸಿ. ಸ್ವಚ್ಛವಾದ ಹತ್ತಿಯ ಎಳೆಯನ್ನು ದೀಪದ ಬತ್ತಿಗಿಂತಲೂ ತೆಳ್ಳಗೆ ಹೊಸೆದು ಸ್ವಲ್ಪ ವ್ಯಾಸಲಿನ್ ಸವರಿಕೊಳ್ಳಿ. ಅದನ್ನು ಉಗುರಿನ ಮೂಲೆಯ ಅಡಿಯಲ್ಲಿ ಸೇರಿಸಿ, ಉಗುರು ಮಾಂಸದಿಂದ ಮೇಲೆ ನಿಲ್ಲುವಂತೆ ಮಾಡಿ. ಇದನ್ನು ಬಲವಂತದಿಂದ ಮಾಡಬಾರದು. ಮೊದಲ ದಿನ ತುದಿ ಮಾತ್ರ ಹೋದರೆ ಅಷ್ಟೇ ಸಾಕು, ಊತ ಇಳಿದಂತೆ ಒಳಗೆ ಹೋಗುತ್ತದೆ. ಹತ್ತಿಯನ್ನು ದಿನವೂ ಬದಲಾಯಿಸಲೇಬೇಕು, ಹಳೆಯ ಒದ್ದೆ ಹತ್ತಿ ಕೀವಿಗೆ ಕರೆಯೋಲೆ.

ಹತ್ತಿ ಇಡಲು ಆಗದವರಿಗೆ ಪಟ್ಟಿಯ ಉಪಾಯವಿದೆ. ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನು ಬೆರಳಿನಗಲ ಕತ್ತರಿಸಿ, ಒಂದು ತುದಿಯನ್ನು ಉಗುರಿನ ಪಕ್ಕದ ಊದಿದ ಚರ್ಮದ ಮೇಲೆ ಅಂಟಿಸಿ. ಚರ್ಮ ಉಗುರಿನಿಂದ ದೂರ ಸರಿಯುವಂತೆ ಪಟ್ಟಿಯನ್ನು ಎಳೆದು, ಬೆರಳಿನ ಅಡಿಯಿಂದ ಓರೆಯಾಗಿ ಸುತ್ತಿ ಇನ್ನೊಂದು ಬದಿಗೆ ಅಂಟಿಸಿ. ಬೆರಳನ್ನು ಪೂರ್ತಿ ಬಿಗಿದು ಕಟ್ಟಬಾರದು. ನೆನೆದಾಗಲೆಲ್ಲ ಹೊಸದು ಹಾಕಬೇಕು.

ಕೀವು ಒಸರುತ್ತಿಲ್ಲದಿದ್ದರೆ ಹೀಗೆ ಒಂದೆರಡು ವಾರ ನೋಡಬಹುದು. ಆ ಅವಧಿಯಲ್ಲಿ ಗಮ್ ಬೂಟು ಬಿಟ್ಟು, ಬೆರಳು ತೆರೆದಿರುವ ಚಪ್ಪಲಿಯಲ್ಲೇ ಇರಬೇಕು. ಸರಿಹೋಗುತ್ತಿದೆ ಎಂಬುದಕ್ಕೆ ಗುರುತೆಂದರೆ ಮೂರು ನಾಲ್ಕು ದಿನಗಳಲ್ಲಿ ರಾತ್ರಿಯ ಮಿಡಿತ ನಿಲ್ಲುತ್ತದೆ, ಹೊದಿಕೆ ತಾಗಿದರೂ ನೋಯುವುದಿಲ್ಲ, ಕೆಂಪು ಚಿಕ್ಕದಾಗುತ್ತ ಬರುತ್ತದೆ. ಹಾಗೆಂದು ಅಲ್ಲಿಗೇ ನಿಲ್ಲಿಸಬಾರದು. ಉಗುರಿನ ಮೂಲೆ ಮಾಂಸವನ್ನು ದಾಟಿ ಮುಂದೆ ಬರುವವರೆಗೆ, ಅಂದರೆ ಎರಡು ಮೂರು ತಿಂಗಳಾದರೂ, ಮೂಲೆಯನ್ನು ಎತ್ತಿ ಹಿಡಿಯುವ ಹತ್ತಿಯ ಉಪಚಾರ ಮುಂದುವರಿಯಬೇಕು.

ನಾವು ಮಾಡಿದ ಎರಡನೆಯ ತಪ್ಪು ಇಲ್ಲಿದೆ. ನಾವು ನೀರು ಕಾಯಿಸಿ ಕೂತದ್ದು ಪುನರ್ವಸು ಮಳೆಯಲ್ಲಿ, ಆಗಲೇ ಬೆರಳಿನ ಬದಿ ಹಳದಿಯಾಗಿ ಕೀವು ಕಾಣಿಸಿದ ಮೇಲೆ. ಬೆಳಿಗ್ಗೆ ಸಂಜೆ ಕಾಲಿಟ್ಟಾಗ ಕೀವು ಸ್ವಲ್ಪ ಒಸರಿ ನೋವು ಇಳಿಯುತ್ತಿತ್ತು. ನಡುವೆ ಮತ್ತೆ ಬೂಟು ಹಾಕಿ ತೋಟಕ್ಕೆ ಇಳಿಯುತ್ತಿದ್ದೆವು. ಹೀಗೆ ಒಂದು ವಾರ ಕಳೆದಾಗ ಉಗುರಿನ ಪಕ್ಕದಲ್ಲಿ ಕೆಂಪು ಮಾಂಸದ ಸಣ್ಣ ಗೆಡ್ಡೆಯೊಂದು ಎದ್ದಿತು. ಮುಟ್ಟಿದರೆ ರಕ್ತ. ಉಗುರಿನ ಅಂಚು ಅದರ ಕೆಳಗೆ ಹೂತು ಕಾಣದಂತಾಯಿತು. ಹತ್ತಿ ಇಡಲು ಇನ್ನು ಜಾಗವೇ ಇರಲಿಲ್ಲ.

ನಮ್ಮ ಮೇಸ್ತ್ರಿ ನೋಡಿ, "ದುರ್ಮಾಂಸ ಅಯ್ಯಾ ಇದು. ಒಂದು ಚಿಟಿಕೆ ಮೈಲುತುತ್ತ ಪುಡಿಮಾಡಿ ಹಾಕಿ, ಸುಟ್ಟು ಹೋಗ್ತದೆ" ಎಂದ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಮನೆಯಲ್ಲಿ ಚೀಲಗಟ್ಟಲೆ ಇತ್ತು. ಪುಣ್ಯಕ್ಕೆ ನಮ್ಮ ಮನೆಯವರು ಬಿಡಲಿಲ್ಲ. ಮೈಲುತುತ್ತ ಮಾಂಸವನ್ನು ಸುಡುತ್ತದೆ ಎಂಬುದು ಸುಳ್ಳಲ್ಲ. ಆದರೆ ಎಲ್ಲಿಗೆ ನಿಲ್ಲಬೇಕೆಂಬುದು ಅದಕ್ಕೆ ತಿಳಿಯದು, ಒಳ್ಳೆಯ ಮಾಂಸವನ್ನೂ ಸುಡುತ್ತದೆ. ಉಗುರಿನ ಮುಳ್ಳು ಮಾತ್ರ ಅಲ್ಲೇ ಇರುತ್ತದೆ. ಸುಣ್ಣದ ಮಾತೂ ಇದೇ. ಕೈಬೆರಳಿನ ಉಗುರುಸುತ್ತಿಗೆ ನಿಂಬೆಹಣ್ಣನ್ನು ಟೊಪ್ಪಿಗೆಯಂತೆ ಸಿಕ್ಕಿಸುವ ಪದ್ಧತಿಯನ್ನು ಕಾಲಿಗೂ ಮಾಡುವವರಿದ್ದಾರೆ. ಒಡೆದ ಚರ್ಮಕ್ಕೆ ಹುಳಿ ತಾಗಿ ಉರಿಯುವುದಲ್ಲದೆ ಒಳಗಿನ ಅಂಚು ಕದಲುವುದಿಲ್ಲ. ಉಗುರಿನ ನಡುವೆ ತ್ರಿಕೋನಾಕಾರದ ಕಚ್ಚು ಹಾಕಿದರೆ ಬದಿಗಳು ಒಳಕ್ಕೆ ಸರಿಯುತ್ತವೆ ಎಂಬ ನಂಬಿಕೆಯೂ ಇದೆ. ಉಗುರು ಬೆಳೆಯುವುದು ಹಿಂದಿನ ಬುಡದಿಂದ. ಮುಂದೆ ಹಾಕಿದ ಕಚ್ಚಿನಿಂದ ಬದಿಗಳು ಜರುಗುವ ಸಂಭವವಿಲ್ಲ.

ಪುಷ್ಯ ಮಳೆಯ ಮಧ್ಯದಲ್ಲಿ, ರಾತ್ರಿ ನಿದ್ದೆ ಇಲ್ಲದಂತಾದ ಮೇಲೆ, ಪೇಟೆಯ ವೈದ್ಯರಲ್ಲಿಗೆ ಹೋದೆವು. ಹೋದವರೇ, "ಡಾಕ್ಟರೇ, ಕೀವಿಗೆ ಒಳ್ಳೆಯ ಗುಳಿಗೆ ಕೊಟ್ಟುಬಿಡಿ, ತೋಟದಲ್ಲಿ ಕೆಲಸ ಇದೆ" ಎಂದೆವು. ಅವರು ಬೆರಳನ್ನು ದೀಪದಡಿಯಲ್ಲಿ ನೋಡಿ ನಕ್ಕರು. "ಅಲ್ಲ ಕಾರ್ಯದರ್ಶಿಗಳೇ, ಮುಳ್ಳು ಒಳಗೇ ಇಟ್ಟುಕೊಂಡು ಗುಳಿಗೆ ನುಂಗಿದರೆ ಮುಳ್ಳು ಹೊರಗೆ ಬರ್ತದೇನ್ರೀ?"

ಅವರು ವಿವರಿಸಿದ್ದು ಹೀಗೆ. ನಂಜುನಿವಾರಕ ಗುಳಿಗೆಗಳು ಊತವನ್ನು ನಾಲ್ಕು ದಿನ ತಗ್ಗಿಸಬಹುದು. ಗುಳಿಗೆ ಮುಗಿದ ವಾರಕ್ಕೆ ಕೀವು ಮತ್ತೆ ಬರುತ್ತದೆ. ಉಗುರಿನ ತುಂಡನ್ನು ತೆಗೆದರೆ ಹೆಚ್ಚಿನವರಲ್ಲಿ ಗುಳಿಗೆ ಇಲ್ಲದೆಯೇ ಕೀವು ಆರುತ್ತದೆ. ಗುಳಿಗೆ ನಿಜವಾಗಿ ಬೇಕಾಗುವುದು ಕೆಂಪು ಬೆರಳನ್ನು ದಾಟಿ ಪಾದದ ಮೇಲೆ ಹರಡಿದಾಗ, ಜ್ವರ ಬಂದಾಗ, ಅಥವಾ ರೋಗಿಗೆ ಸಕ್ಕರೆ ಕಾಯಿಲೆಯಂಥ ಬೇರೆ ತೊಂದರೆ ಇದ್ದಾಗ. ಕೀವು ಪೂರ್ತಿ ಆರಿದ ಮೇಲೆಯೇ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವಾರಗಟ್ಟಲೆ ಕಾಯುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ, ಕೀವಿಗೆ ಕಾರಣವೇ ಆ ಉಗುರಲ್ಲವೇ?

ಶಸ್ತ್ರಚಿಕಿತ್ಸೆ ಎಂದೊಡನೆ ನಮಗೆ ನೆನಪಾದದ್ದು ನಮ್ಮ ತಮ್ಮನ ಅವಸ್ಥೆ. ಕಾಲೇಜಿನಲ್ಲಿದ್ದಾಗ ಇದೇ ತೊಂದರೆಗೆ ಅವನ ಉಗುರನ್ನು ಇಡಿಯಾಗಿ ಕಿತ್ತು ತೆಗೆದಿದ್ದರು. ಒಂದು ವರ್ಷ ಸುಖವಾಗಿದ್ದ. ಹೊಸ ಉಗುರು ಬೆಳೆದು ತುದಿ ಮುಟ್ಟುವಾಗ ಮತ್ತೆ ಅದೇ ಬದಿ ಚುಚ್ಚಿತು. ಇದನ್ನು ಹೇಳಿದಾಗ ವೈದ್ಯರು ಆಶ್ಚರ್ಯಪಡಲಿಲ್ಲ. ಉಗುರನ್ನು ಕಿತ್ತು ಬುಡವನ್ನು ಹಾಗೆಯೇ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಮರಳಿ ಬರುತ್ತದೆ ಎಂದರು. ಉಗುರಿಲ್ಲದ ಅವಧಿಯಲ್ಲಿ ಬೆರಳ ತುದಿಯ ಮಾಂಸ ಮೇಲಕ್ಕೆ ಎದ್ದು, ಹೊಸ ಉಗುರಿಗೆ ದಾರಿ ಇನ್ನೂ ಕಿರಿದಾಗುವುದೂ ಉಂಟು.

ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬಚಿಗುರನ್ನು ಮೇಲಷ್ಟೇ ಚಿವುಟಿದರೆ ಒಂದಿದ್ದಲ್ಲಿ ಎರಡು ಬರುತ್ತವೆ. ಬುಡದಿಂದ ಬಿಡಿಸಿದರೆ ಮಾತ್ರ ಕೆಲಸ ನಿಲ್ಲುತ್ತದೆ. ಉಗುರಿನ ವಿಷಯದಲ್ಲಿ ಸಂತೋಷದ ಸಂಗತಿಯೆಂದರೆ, ಇಡೀ ಉಗುರನ್ನು ಕೀಳುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ಒಳಗಿಳಿದ ಬದಿಯ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ತೆಗೆದು, ಆ ಪಟ್ಟಿ ಹುಟ್ಟುವ ಬುಡವನ್ನು ಮಾತ್ರ ಔಷಧಿಯಿಂದ ಸುಟ್ಟರೆ ಸಾಕು. ಉಳಿದ ಉಗುರು ಹಾಗೆಯೇ ಇರುತ್ತದೆ. ಈ ಔಷಧಿಯ ಹೆಸರು ಫಿನಾಲ್, ಹಿಂದೆ ಕಾರ್ಬಾಲಿಕ್ ಆಮ್ಲ ಎನ್ನುತ್ತಿದ್ದರು. ಉಗುರಿನ ಬುಡಕ್ಕೆ ಇದನ್ನು ಬಳಸುವ ಪದ್ಧತಿಯನ್ನು 1945ರಲ್ಲಿ ಆಟೋ ಬಾಲ್ ಎಂಬವರು ಪ್ರಕಟಿಸಿದರು. ಇಂದಿಗೂ ಇದು ಚಾಲ್ತಿಯಲ್ಲಿದೆ.

ಇಲ್ಲೊಂದು ಎಚ್ಚರಿಕೆ. ನೆಲ ಒರೆಸುವ ಫಿನಾಯಿಲಿಗೂ ಇದಕ್ಕೂ ಹೆಸರು ಹತ್ತಿರವಿದೆಯೆಂದು ಯಾರೂ ಆ ಬಾಟಲಿಯನ್ನು ಕಾಲಿಗೆ ಸುರಿದುಕೊಳ್ಳಬಾರದು. ಅದು ಬೇರೆ ವಸ್ತು. ವೈದ್ಯರು ಬಳಸುವ ಫಿನಾಲ್ ಕೂಡ ಸುಡುವ ವಿಷವೇ. ಅಳತೆ ತಿಳಿದ ಕೈಯಲ್ಲಿ ಮಾತ್ರ ಔಷಧಿ.

ನಮ್ಮ ಬೆರಳಿಗೆ ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇವೆ. ಮೊದಲು ಸಕ್ಕರೆ ಪರೀಕ್ಷೆ ಮಾಡಿದರು. ಪಾದದ ನಾಡಿ ಮುಟ್ಟಿ ನೋಡಿದರು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ಕೇಳಿ, ನಮಗೆ ನೆನಪಿಲ್ಲದ್ದರಿಂದ ಅದನ್ನೂ ಕೊಟ್ಟರು. ಆಮೇಲೆ ಬೆರಳಿನ ಬುಡದ ಎರಡೂ ಬದಿಗೆ ಮರಗಟ್ಟಿಸುವ ಚುಚ್ಚುಮದ್ದು. ನಿಜವಾದ ನೋವು ಇದೊಂದೇ, ಅದೂ ಅರ್ಧ ನಿಮಿಷ. ಹತ್ತು ನಿಮಿಷ ಬಿಟ್ಟು ಸೂಜಿಯಿಂದ ಮುಟ್ಟಿ, ನೋವು ತಿಳಿಯುವುದಿಲ್ಲವೆಂದು ಖಚಿತಮಾಡಿಕೊಂಡು ಬೆರಳ ಬುಡಕ್ಕೆ ರಬ್ಬರಿನ ಪಟ್ಟಿ ಬಿಗಿದರು. ರಕ್ತ ಬರುತ್ತಿದ್ದರೆ ಫಿನಾಲ್ ಅದರಲ್ಲಿ ಕರಗಿ ತೆಳುವಾಗಿ ಬುಡ ಪೂರ್ತಿ ಸುಡುವುದಿಲ್ಲವಂತೆ. ಅದಕ್ಕಾಗಿ ಈ ಬಿಗಿ.

ಅನಂತರ ಉಗುರಿನ ಬದಿಯಿಂದ ಮೂರು ಮಿಲಿಮೀಟರಿನಷ್ಟು ಅಗಲಕ್ಕೆ, ಮುಂದಿನ ತುದಿಯಿಂದ ಹಿಂದಿನ ಚರ್ಮದ ಒಳಗಿನವರೆಗೂ ನೇರವಾಗಿ ಸೀಳಿ, ಆ ಪಟ್ಟಿಯನ್ನು ಇಕ್ಕಳದಿಂದ ಹಿಡಿದು ತಿರುಚಿ ತೆಗೆದರು. ತೆಗೆದದ್ದನ್ನು ನಮಗೆ ತೋರಿಸಿದರು. ಅದರ ಪಕ್ಕದಲ್ಲಿ, ನಾವು ಬ್ಲೇಡಿನಿಂದ ಕೊಯ್ದ ಜಾಗದ ಹಿಂದೆ, ಮೀನಿನ ಮುಳ್ಳಿನಂಥ ಒಂದು ಚೂಪು ಎದ್ದು ಕಾಣುತ್ತಿತ್ತು. ಎರಡು ತಿಂಗಳು ನಮ್ಮನ್ನು ಆಟವಾಡಿಸಿದ್ದು ಇದೇ ಎಂದು ನೋಡಿ ನಾಚಿಕೆಯಾಯಿತು.

ಎದ್ದಿದ್ದ ಕೆಂಪು ಮಾಂಸವನ್ನು ಕೆರೆದು ತೆಗೆದು, ಸುತ್ತಲಿನ ಚರ್ಮಕ್ಕೆ ವ್ಯಾಸಲಿನ್ ಹಚ್ಚಿ, ಫಿನಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಖಾಲಿಯಾದ ಬುಡದಲ್ಲಿ ಒಂದು ನಿಮಿಷದಂತೆ ಕೆಲವು ಸಲ ಒತ್ತಿ ಹಿಡಿದರು. ಸ್ಪಿರಿಟಿನಿಂದ ತೊಳೆದು, ರಬ್ಬರ್ ಪಟ್ಟಿ ಬಿಚ್ಚಿ, ಬೆರಳಿಗೆ ರಕ್ತ ಮರಳಿ ಕೆಂಪಾದುದನ್ನು ನೋಡಿ ಪಟ್ಟಿ ಕಟ್ಟಿದರು. ಹೊಲಿಗೆ ಇಲ್ಲ. ಒಳಗೆ ಹೋದವರು ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದೆವು. ಗಾಡಿ ಓಡಿಸಲು ಮಾತ್ರ ಬೇರೆಯವರನ್ನು ಕರೆದುಕೊಂಡು ಹೋಗಬೇಕು.

ಆ ದಿನ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟು ಮಲಗಿದೆವು. ಮರಗಟ್ಟು ಇಳಿದಾಗ ಸ್ವಲ್ಪ ನೋವಿತ್ತು. ವೈದ್ಯರು ಹೇಳಿದ್ದ ಸಾಧಾರಣ ನೋವಿನ ಗುಳಿಗೆ ಸಾಕಾಯಿತು. ಮೂರನೆಯ ದಿನ ಸಂಘದ ಕಛೇರಿಗೆ ಚಪ್ಪಲಿಯಲ್ಲಿ ಬಂದೆವು. ದಿನವೂ ಬೆಚ್ಚನೆಯ ನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚಿ ಹೊಸ ಪಟ್ಟಿ ಕಟ್ಟುವುದಷ್ಟೇ ಕೆಲಸ. ಮೊದಲು ನೀರು ಕಾಯಿಸಿದ್ದಕ್ಕೂ ಈಗ ಕಾಯಿಸುವುದಕ್ಕೂ ವ್ಯತ್ಯಾಸವೆಂದರೆ ಈಗ ಒಳಗೆ ಮುಳ್ಳಿರಲಿಲ್ಲ.

ಫಿನಾಲ್ ಹಾಕಿದ ಗಾಯ ಎರಡರಿಂದ ನಾಲ್ಕು ವಾರ ತೆಳ್ಳನೆಯ ಹಳದಿ ನೀರು ಒಸರುತ್ತದೆ. ಇದನ್ನು ಕಂಡು ಮತ್ತೆ ಕೀವಾಯಿತೆಂದು ಗಾಬರಿಯಾಗುವವರಿದ್ದಾರೆ. ಸುಟ್ಟ ಜಾಗ ಒಸರುವುದು ಸಹಜ. ನೋವು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಅದು ಬರೀ ಒಸರು. ಇಳಿದ ನೋವು ಮತ್ತೆ ಏರಿದರೆ, ಕೆಂಪು ಹರಡಿದರೆ, ದಪ್ಪನೆಯ ನಾರುವ ಕೀವು ಬಂದರೆ ವೈದ್ಯರಿಗೆ ತೋರಿಸಬೇಕು. ನಮಗೆ ಮಘೆ ಮಳೆಯ ಕೊನೆಗೆ ಗಾಯ ಪೂರ್ತಿ ಒಣಗಿತು. ಅಲ್ಲಿಯವರೆಗೆ ತೋಟದ ಕೆಸರಿಗೆ ಇಳಿಯಲಿಲ್ಲ. ನಮ್ಮ ಕಡೆಯ ಕೆಸರುನೀರಿನಲ್ಲಿ ತೆರೆದ ಗಾಯದ ಮೂಲಕ ಇಲಿಜ್ವರ ಅಂಟುವ ಭಯವೂ ಇದೆಯೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು.

ಈಗ ವರ್ಷವಾಗುತ್ತ ಬಂತು. ಉಗುರು ಒಂದು ಬದಿಯಲ್ಲಿ ಸ್ವಲ್ಪ ಕಿರಿದಾಗಿದೆ, ಅದು ಹಾಗೆಯೇ ಇರುತ್ತದೆ. ಹೇಳಿದರಲ್ಲದೆ ಯಾರಿಗೂ ಕಾಣದು. ಈ ಕ್ರಮದಲ್ಲೂ ನೂರಕ್ಕೆ ನೂರು ಭರವಸೆ ಇಲ್ಲ. ಬುಡ ಪೂರ್ತಿ ಸುಡದಿದ್ದರೆ ಬದಿಯಲ್ಲಿ ಉಗುರಿನ ಸಣ್ಣ ಎಳೆ ಮತ್ತೆ ಮೂಡಬಹುದು. ಆದರೆ ಬರೀ ಉಗುರು ಕಿತ್ತವರಿಗೆ ಹೋಲಿಸಿದರೆ ಮರಳಿ ಬರುವವರು ಬಹಳ ಕಡಿಮೆ.

ಹಾಗಾದರೆ ಯಾರು ಮನೆಯಲ್ಲಿ ನೋಡಬಹುದು, ಯಾರು ಹೋಗಬೇಕು? ಬರೀ ಕೆಂಪು ಮತ್ತು ನೋವಿದ್ದರೆ ಮೇಲೆ ಹೇಳಿದ ಬಿಸಿನೀರು, ಹತ್ತಿ, ಚಪ್ಪಲಿ. ಕೀವು ಒಸರಲು ಆರಂಭಿಸಿ ಎರಡು ಮೂರು ದಿನದ ಉಪಚಾರಕ್ಕೆ ಬಗ್ಗದಿದ್ದರೆ, ಕೆಂಪು ಮಾಂಸ ಎದ್ದಿದ್ದರೆ, ಅಥವಾ ವಾಸಿಯಾದದ್ದು ಎರಡನೆಯ ಸಲ ಮರಳಿದ್ದರೆ, ಮನೆಯ ಮದ್ದಿನಲ್ಲಿ ದಿನ ಕಳೆಯದೆ ಚಿಕ್ಕ ಶಸ್ತ್ರಚಿಕಿತ್ಸೆಗೆ ಹೋಗುವುದೇ ಲೇಸು. ಕೆಂಪು ಪಾದಕ್ಕೆ ಏರಿದರೆ, ಕಾಲಿನ ಮೇಲೆ ಕೆಂಪು ಗೆರೆ ಕಂಡರೆ, ಜ್ವರ ಬಂದರೆ ಅದೇ ದಿನ ಹೋಗಬೇಕು. ಉಗುರು ತೆಗೆದ ಮೇಲೂ ಆರದ ಮಾಂಸ, ಉಗುರಿನಡಿಯ ಕಪ್ಪು ಗೆರೆ, ಇವು ಬೇರೆ ಕಾಯಿಲೆಯಿರಬಹುದು. ವೈದ್ಯರ ಕಣ್ಣಿಗೆ ಬೀಳಲೇಬೇಕು.

ಸಕ್ಕರೆ ಕಾಯಿಲೆ ಇರುವವರು, ಕಾಲಿಗೆ ರಕ್ತ ಸಂಚಾರ ಕಡಿಮೆ ಇರುವವರು ಮೊದಲ ದಿನವೇ ವೈದ್ಯರಲ್ಲಿಗೆ ಹೋಗಬೇಕು, ಮನೆಯಲ್ಲಿ ಬಿಸಿನೀರಿನ ಪ್ರಯೋಗ ಬೇಡ. ಪಕ್ಕದ ಊರಿನ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಹಲವು ವರ್ಷಗಳ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಇರಲಿಲ್ಲ. ಉಗುರಿನ ಕೀವಿಗೆಂದು ಹಂಡೆಯ ನೀರಿನಲ್ಲಿ ಕಾಲಿಟ್ಟು ಕುಳಿತರು. ನೀರು ಸುಡುತ್ತಿದ್ದುದು ಅವರಿಗೆ ತಿಳಿಯಲಿಲ್ಲ. ಬೊಬ್ಬೆ ಎದ್ದು ಒಡೆದು, ಕೀವಿನ ಮೇಲೆ ಕೀವಾಗಿ, ಕೊನೆಗೆ ಹೆಬ್ಬೆರಳನ್ನೇ ತೆಗೆಸಬೇಕಾಯಿತು. ನೋವಿಲ್ಲ ಎಂಬುದೇ ಅವರ ಪಾಲಿಗೆ ಅಪಾಯವಾಯಿತು.

ಕೊನೆಯದಾಗಿ ಉಗುರು ಕತ್ತರಿಸುವ ಕ್ರಮ. ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ನೇಲ್ ಕಟರಿನಿಂದ ಅಡ್ಡಲಾಗಿ, ನೇರವಾಗಿ ಕತ್ತರಿಸಿ. ಕೈಯ ಉಗುರಿನಂತೆ ದುಂಡಗೆ ಮಾಡಬೇಡಿ. ಎರಡೂ ಮೂಲೆಗಳು ಚರ್ಮದ ಮೇಲೆ ಕಾಣುವಂತಿರಲಿ. ಮೂಲೆ ಚುಚ್ಚುವಂತಿದ್ದರೆ ಅರದಿಂದ ತುಸು ಉಜ್ಜಿದರೆ ಸಾಕು. ಕೈಯಿಂದ ಹರಿಯುವುದು, ಬ್ಲೇಡು ಹಾಕುವುದು ಎರಡೂ ಬೇಡ. ಗಮ್ ಬೂಟನ್ನು ಸಂಜೆಯ ಹೊತ್ತು, ಕಾಲುಚೀಲ ಹಾಕಿಕೊಂಡು ಅಳತೆ ನೋಡಿ ಕೊಳ್ಳಿ. ಬೆರಳುಗಳು ಒಳಗೆ ಆಡುವಂತಿರಬೇಕು. ಮಧ್ಯಾಹ್ನ ಊಟಕ್ಕೆ ಬಂದಾಗ ಬೂಟು ಕಳಚಿ ಕಾಲು ಒರೆಸಿ, ಕಾಲುಚೀಲ ಬದಲಾಯಿಸಿ.

ನಮ್ಮ ಗಡ್ಡದ ಬ್ಲೇಡು ಈಗ ಗಡ್ಡಕ್ಕೆ ಮಾತ್ರ. ಈ ಸಲ ಪುನರ್ವಸುವಿನಲ್ಲಿ ಕೆಳಗಿನ ಬಣ್ಣದ ಆ ಎರಡು ಸಾಲಿನ ಬುಡದಲ್ಲಿ ನಾವೇ ನಿಂತು ಔಷಧಿ ಹೊಡೆಸಿದೆವು.